ಪ್ರೈವೇಟ್ ಡಿಎನ್‌ಎಸ್ ಹಾಕಿದ್ರೂ ರೂಟರಲ್ಲಿ ಸೈಟಿನ ಹೆಸರು ಕಾಣ್ತಿದೆ, ವಿಪಿಎನ್ ಹಾಕಿದ್ರೆ ಲೀಕ್ ಅಂತಿದೆ. ಯಾವುದನ್ನ ನಂಬೋದು?

ವೈಶಾಲಿ

ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಇದೆ, ಎರಡೂ ಒಂದಕ್ಕೊಂದು ಅಂಟಿಕೊಂಡಿರೋದರಿಂದ ಒಟ್ಟಿಗೇ ಕೇಳ್ತಿದ್ದೀನಿ.

ನಾನಿರೋದು ಹಾಸ್ಟೆಲಿನಲ್ಲಿ. ವೈಫೈ ನೋಡಿಕೊಳ್ಳೋರು ಒಬ್ಬರೇ. ಮೊನ್ನೆ ರೂಟರ್ ಸರಿ ಮಾಡುವಾಗ ಅವರ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ತೆರೆದಿತ್ತು. ಅದರಲ್ಲಿ ನನ್ನ ಫೋನಿನ ಹೆಸರು, ಅದರ ಪಕ್ಕದಲ್ಲಿ ನಾನು ಆಗಷ್ಟೇ ನೋಡಿದ್ದ ಸೈಟುಗಳ ಹೆಸರು ಇದ್ದವು. ನನ್ನದು ಆಂಡ್ರಾಯ್ಡ್ ಫೋನ್. ಸೆಟ್ಟಿಂಗ್ಸಿನಲ್ಲಿ `Private DNS` ಅನ್ನೋ ಕಡೆ `dns.quad9.net` ಅಂತ ಹಾಕಿ ಎಷ್ಟೋ ತಿಂಗಳಾಯ್ತು. ಹಾಗಿದ್ದೂ ಹೆಸರು ಹೇಗೆ ಸಿಕ್ತು?

ಎರಡನೇದು. ಈ ಹೆದರಿಕೆಗೆ ಒಂದು ವಿಪಿಎನ್ ಹಾಕಿಕೊಂಡೆ, ದುಡ್ಡು ಕೊಟ್ಟೇ ತಗೊಂಡಿದ್ದು. ಆಮೇಲೆ ಡಿಎನ್‌ಎಸ್ ಲೀಕ್ ಟೆಸ್ಟ್ ಮಾಡೋ ಒಂದು ಪುಟ ತೆರೆದರೆ ಅಲ್ಲಿ ವಿಪಿಎನ್ ಕಂಪನಿಯ ಹೆಸರಿನ ಬದಲು ಕ್ವಾಡ್9 ಅಂತ ಬರ್ತಿದೆ, ಕೆಳಗೆ ಕೆಂಪಕ್ಷರದಲ್ಲಿ ಎಚ್ಚರಿಕೆ. ಹಾಗಾದ್ರೆ ವಿಪಿಎನ್ ಸೋರ್ತಾ ಇದೆಯಾ? ಹಾಸ್ಟೆಲಿನವರಿಗೆ ಇನ್ನೂ ಎಲ್ಲ ಕಾಣ್ತಿದೆಯಾ?

ಪ್ರವೀಣ್

ಪ್ರೈವೇಟ್ ಡಿಎನ್‌ಎಸ್ ಆನ್ ಇದ್ದರೆ ಯಾರಿಗೂ ಏನೂ ಕಾಣಲ್ಲ, ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತೆ. ನೀವು ಎಲ್ಲೋ `Automatic` ಅಂತ ಬಿಟ್ಟಿರಬೇಕು. ಅದರಲ್ಲಿ ಆ ಕಡೆಯ ಸರ್ವರಿಗೆ ಎನ್‌ಕ್ರಿಪ್ಟ್ ಮಾಡೋಕೆ ಬರದಿದ್ದರೆ ಫೋನು ತೆಪ್ಪಗೆ ಹಳೇ ದಾರಿಗೆ ಇಳಿದುಬಿಡುತ್ತೆ, ನಿಮಗೆ ಹೇಳೋದೂ ಇಲ್ಲ. ಇನ್ನು ಆ ವಿಪಿಎನ್ ಲೀಕ್ ಆಗ್ತಿರೋದು ಟೆಸ್ಟ್ ಪುಟದಲ್ಲೇ ಕಾಣ್ತಿದೆಯಲ್ಲ. ಮೊದಲು ಅದನ್ನ ಬದಲಾಯಿಸಿ.

ವೈಶಾಲಿ

ಇಲ್ಲ, `Automatic` ಅಲ್ಲ. ಮೂರನೇ ಆಯ್ಕೆ ಒತ್ತಿ ಹೆಸರು ನಾನೇ ಟೈಪ್ ಮಾಡಿದ್ದು. ಈಗಲೂ ನೋಡಿದೆ, ಹಾಗೇ ಇದೆ.

ಸರೋಜಾ ಟೀಚರ್

ನಾನು ಆ ಜಾಗದಲ್ಲಿ `dns.adguard-dns.com` ಅಂತ ಹಾಕಿದ್ದೇನೆ ಮಗಳೇ. ಪತ್ರಿಕೆಗಳ ಸೈಟಿನಲ್ಲಿ ಜಾಹೀರಾತು ಪೂರ್ತಿ ನಿಂತು ಹೋಯಿತು, ಓದಲು ಹಾಯೆನಿಸುತ್ತದೆ. ನೀವೂ ಅದನ್ನೇ ಹಾಕಿ ನೋಡಿ. ಆದರೆ ಯೂಟ್ಯೂಬಿನಲ್ಲಿ ಮಾತ್ರ ಜಾಹೀರಾತು ಬರುತ್ತಲೇ ಇದೆ. ಅದಕ್ಕೆ ಏನು ಮಾಡಬೇಕೆಂದು ಯಾರಾದರೂ ಹೇಳಿದರೆ ಉಪಕಾರ.

ಪ್ಯಾಕೆಟ್ ಪಾಳಿ

ವೈಶಾಲಿಯವರ ಸೆಟ್ಟಿಂಗ್ ಸರಿಯಾಗೇ ಇದೆ. ರೂಟರಿನಲ್ಲಿ ಹೆಸರು ಕಂಡದ್ದೂ ನಿಜ. ಎರಡೂ ಒಟ್ಟಿಗೆ ನಿಜವಾಗಬಹುದು, ಏಕೆಂದರೆ ಒಂದು ಸೈಟ್ ತೆರೆಯುವಾಗ ಫೋನು ಅದರ ಹೆಸರನ್ನು ಎರಡು ಸಲ ಹೇಳುತ್ತದೆ. ಮೊದಲ ಸಲ ಡಿಎನ್‌ಎಸ್ ಸರ್ವರ್ ಹತ್ತಿರ, ‘ಈ ಹೆಸರಿನ ವಿಳಾಸ ಏನು’ ಎಂದು ಕೇಳುವಾಗ. ಎರಡನೇ ಸಲ ಆ ವಿಳಾಸಕ್ಕೆ ಹೋಗಿ, ‘ನನಗೆ ಈ ಹೆಸರಿನ ಸೈಟ್ ಬೇಕು’ ಎನ್ನುವಾಗ. ಪ್ರೈವೇಟ್ ಡಿಎನ್‌ಎಸ್ ಮುಚ್ಚುವುದು ಮೊದಲನೆಯದನ್ನು ಮಾತ್ರ.

ನಂಬಬೇಡಿ, ನೋಡಿ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಹಾಟ್‌ಸ್ಪಾಟ್ ಮಾಡಿ ಫೋನನ್ನು ಅದಕ್ಕೆ ಜೋಡಿಸಿದರೆ ಹಾಸ್ಟೆಲಿನ ರೂಟರ್ ಕೂತಿರುವ ಜಾಗದಲ್ಲಿ ನೀವೇ ಕೂತ ಹಾಗಾಯಿತು. ಇವತ್ತು ಸಂಜೆ ಹೀಗೇ ಮಾಡಿ ನೋಡಿದೆ. ಮೊದಲು ಪ್ರೈವೇಟ್ ಡಿಎನ್‌ಎಸ್ ಆಫ್ ಮಾಡಿ ಇದನ್ನು ಓಡಿಸಿದೆ:

```
sudo tcpdump -n -i wlan0 port 53
```

ಫೋನಿನಲ್ಲಿ ಕನ್ನಡ ವಿಕಿಪೀಡಿಯ ತೆರೆದ ತಕ್ಷಣ `kn.wikipedia.org` ಎಂಬ ಪ್ರಶ್ನೆ ಬಿಚ್ಚಾಗಿ ಹಾದುಹೋಯಿತು. ಅದರ ಜೊತೆಗೆ ಹಿನ್ನೆಲೆಯಲ್ಲಿ ಓಡುತ್ತಿರುವ ಆ್ಯಪ್‌ಗಳು ಕೇಳುವ ಹೆಸರುಗಳೂ ಸಾಲುಗಟ್ಟಿ ಬಂದವು. ಫೋನನ್ನು ಮುಟ್ಟದೆ ಸುಮ್ಮನೆ ಇಟ್ಟರೂ ಆ ಸಾಲು ನಿಲ್ಲುವುದಿಲ್ಲ. ಯಾವ ಬ್ಯಾಂಕಿನ ಆ್ಯಪ್ ಇದೆ, ಯಾವ ಆಟ ಇದೆ ಎಂಬುದನ್ನೆಲ್ಲ ಅದರಿಂದಲೇ ಹೇಳಿಬಿಡಬಹುದು.

ಆಮೇಲೆ ವೈಶಾಲಿಯವರ ಹಾಗೆ `dns.quad9.net` ಹಾಕಿದೆ. 53ನೇ ಪೋರ್ಟ್ ಹೆಚ್ಚುಕಡಿಮೆ ಮೌನವಾಯಿತು. ಒಂದೇ ಒಂದು ಪ್ರಶ್ನೆ ಮಾತ್ರ ಬಿಚ್ಚಾಗಿ ಹೋಯಿತು, ಅದು `dns.quad9.net` ಎಲ್ಲಿದೆ ಎಂಬುದು. ಗುಟ್ಟಾಗಿ ಕೇಳಬೇಕಾದವರ ವಿಳಾಸವನ್ನೇ ಮೊದಲು ಬಹಿರಂಗವಾಗಿ ಕೇಳಬೇಕಲ್ಲ. ಉಳಿದದ್ದೆಲ್ಲ 853ನೇ ಪೋರ್ಟಿನಲ್ಲಿ ಬೀಗ ಹಾಕಿಕೊಂಡು ಹೋಗತೊಡಗಿತು. ಇಲ್ಲಿಯವರೆಗೆ ಪ್ರವೀಣ್ ಹೇಳಿದ್ದು ಸರಿ.

ಈಗ ಇದನ್ನು ಓಡಿಸಿ:

```
sudo tshark -i wlan0 -Y "tls.handshake.type == 1" \
  -T fields -e tls.handshake.extensions_server_name
```

ಅದೇ ವಿಕಿಪೀಡಿಯ ಪುಟ, ಪ್ರೈವೇಟ್ ಡಿಎನ್‌ಎಸ್ ಆನ್ ಇರುವಾಗಲೇ:

```
dns.quad9.net
kn.wikipedia.org
upload.wikimedia.org
```

ಕೊನೆಯದು ಆ ಪುಟದ ಚಿತ್ರಗಳು ಬರುವ ಜಾಗ. ನಿಮ್ಮ ಹಾಸ್ಟೆಲಿನ ರೂಟರ್ ಪಟ್ಟಿ ಮಾಡುತ್ತಿರುವುದು ಇದನ್ನೇ.

ಪ್ರವೀಣ್

ಒಂದು ನಿಮಿಷ. ವಿಕಿಪೀಡಿಯ ಎಚ್‌ಟಿಟಿಪಿಎಸ್ ತಾನೇ? ಎಚ್‌ಟಿಟಿಪಿಎಸ್ ಅಂದಮೇಲೆ ಎನ್‌ಕ್ರಿಪ್ಟ್ ಆಗಿರಬೇಕು. ಹೆಸರು ಹೊರಗೆ ಹೇಗೆ ಬಂತು? ಬೀಗ ಹಾಕಿದ್ದಕ್ಕೆ ಏನು ಅರ್ಥ ಹಾಗಾದ್ರೆ?

ಪ್ಯಾಕೆಟ್ ಪಾಳಿ

ಬೀಗ ಬೀಳುವ ಮೊದಲೇ ಹೆಸರು ಹೇಳಬೇಕು, ಅದೇ ತೊಡಕು. ಒಂದೇ ಐಪಿ ವಿಳಾಸದಲ್ಲಿ ಸಾವಿರಾರು ಸೈಟುಗಳು ಕೂತಿರುತ್ತವೆ. ಯಾವ ಸೈಟಿನ ಸರ್ಟಿಫಿಕೇಟ್ ತೋರಿಸಬೇಕು ಎಂದು ಸರ್ವರಿಗೆ ಗೊತ್ತಾಗಬೇಕಾದರೆ ಫೋನು ತನ್ನ ಮೊದಲ ಮಾತಿನಲ್ಲೇ ಹೆಸರು ಹೇಳಬೇಕು. ಆ ಹೊತ್ತಿಗೆ ಇಬ್ಬರ ನಡುವೆ ಕೀಲಿಕೈ ಇನ್ನೂ ತೀರ್ಮಾನವಾಗಿರುವುದಿಲ್ಲ. ಬಾಗಿಲಾಚೆ ನಿಂತು ‘ಇಂಥವರ ಮನೆಯೇ?’ ಎಂದು ಕೂಗಿ, ಒಳಗೆ ಹೋದ ಮೇಲೆ ಕದ ಹಾಕಿಕೊಂಡು ಮಾತಾಡಿದ ಹಾಗೆ. ಈ ಕೂಗಿಗೆ ಎಸ್‌ಎನ್‌ಐ ಅನ್ನುತ್ತಾರೆ. ಟಿಎಲ್‌ಎಸ್ 1.3 ಬಂದ ಮೇಲೆ ಸರ್ವರ್ ಕೊಡುವ ಸರ್ಟಿಫಿಕೇಟ್ ಕೂಡ ಮುಚ್ಚಿಕೊಂಡೇ ಬರುತ್ತದೆ, ಆದರೆ ಈ ಹೆಸರು ಮಾತ್ರ ಹೊರಗೇ ಉಳಿಯಿತು.

ಕದ ಹಾಕಿದ ಮೇಲಿನದ್ದು ಹಾಸ್ಟೆಲಿನವರಿಗೆ ಕಾಣುವುದಿಲ್ಲ, ಅದನ್ನೂ ಹೇಳಿಬಿಡಬೇಕು. ನೀವು ವಿಕಿಪೀಡಿಯಕ್ಕೆ ಹೋದಿರಿ ಎಂದು ಗೊತ್ತಾಗುತ್ತದೆ. ಅಲ್ಲಿ ಯಾವ ಲೇಖನ ಓದಿದಿರಿ, ಹುಡುಕುವ ಜಾಗದಲ್ಲಿ ಏನು ಬರೆದಿರಿ, ಪಾಸ್‌ವರ್ಡ್ ಏನು, ಇದ್ಯಾವುದೂ ಗೊತ್ತಾಗುವುದಿಲ್ಲ. ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಡೇಟಾ ಬಂತು ಎಂಬುದು ಗೊತ್ತಾಗುತ್ತದೆ.

ವೈಶಾಲಿ

ಅರ್ಥ ಆಯ್ತು ಸರ್. ಹಾಗಾದ್ರೆ ಪ್ರೈವೇಟ್ ಡಿಎನ್‌ಎಸ್‌ನಿಂದ ಏನೂ ಪ್ರಯೋಜನ ಇಲ್ವಾ? ತೆಗೆದುಬಿಡಲಾ?

ಪ್ಯಾಕೆಟ್ ಪಾಳಿ

ತೆಗೆಯಬೇಡಿ. ಅದರ ದೊಡ್ಡ ಉಪಯೋಗ ಮುಚ್ಚುವುದರಲ್ಲಿ ಇಲ್ಲ, ತಿದ್ದಲು ಬಿಡದಿರುವುದರಲ್ಲಿ ಇದೆ. ಬಿಚ್ಚಾಗಿ ಹೋಗುವ ಡಿಎನ್‌ಎಸ್ ಉತ್ತರವನ್ನು ದಾರಿಯಲ್ಲಿರುವ ಯಾರು ಬೇಕಾದರೂ ಬದಲಾಯಿಸಿ ನಿಮ್ಮನ್ನು ಬೇರೆ ಕಡೆ ಕಳಿಸಬಹುದು. ನೀವು ಹೆಸರು ಟೈಪ್ ಮಾಡಿ ಇಟ್ಟಾಗ ಫೋನು ಆ ಸರ್ವರಿನ ಸರ್ಟಿಫಿಕೇಟ್ ಪರೀಕ್ಷಿಸುತ್ತದೆ, ತಾಳೆಯಾಗದಿದ್ದರೆ ಉತ್ತರವನ್ನೇ ತಗೊಳ್ಳುವುದಿಲ್ಲ. `Automatic`ನಲ್ಲಿ ಈ ಪರೀಕ್ಷೆ ಇಲ್ಲ. ಅಲ್ಲಿ ಅದು ಮಾತಾಡುವುದೇ ಹಾಸ್ಟೆಲಿನ ರೂಟರ್ ತೋರಿಸಿದ ಸರ್ವರ್ ಜೊತೆ.

ಇನ್ನೊಂದು, ಡಿಎನ್‌ಎಸ್ ದಾಖಲೆ ಇಡುವುದು ತೀರಾ ಸುಲಭ. ಅಗ್ಗದ ರೂಟರಿಗೂ ಬರುತ್ತದೆ. ಎಸ್‌ಎನ್‌ಐ ಓದಬೇಕಾದರೆ ಪ್ರತಿ ಸಂಪರ್ಕದ ಮೊದಲ ಪ್ಯಾಕೆಟನ್ನು ಬಿಚ್ಚಿ ನೋಡುವ ಯಂತ್ರ ಬೇಕು. ನಿಮ್ಮ ಹಾಸ್ಟೆಲಿನವರ ಹತ್ತಿರ ಅಂಥದ್ದು ಇದೆ, ಎಲ್ಲರ ಹತ್ತಿರ ಇರುವುದಿಲ್ಲ.

ಸರೋಜಾ ಟೀಚರ್

ಯೂಟ್ಯೂಬ್ ಜಾಹೀರಾತಿನ ವಿಷಯ ಯಾರೂ ಹೇಳಲಿಲ್ಲ.

ಚಿನ್ಮಯ

ಟೀಚರ್, ನಿಮ್ಮ ಡಿಎನ್‌ಎಸ್ ಕೆಲಸ ಮಾಡೋದು ಹೆಸರಿನ ಮೇಲೆ. ಪತ್ರಿಕೆ ಸೈಟಲ್ಲಿ ಜಾಹೀರಾತು ಬೇರೆ ಹೆಸರಿನ ಸರ್ವರಿಂದ ಬರುತ್ತೆ, ಆ ಹೆಸರಿಗೆ ಉತ್ತರ ಕೊಡದೆ ಇದ್ದರೆ ಜಾಹೀರಾತು ಬರಲ್ಲ. ಯೂಟ್ಯೂಬಲ್ಲಿ ವಿಡಿಯೋನೂ ಜಾಹೀರಾತೂ ಒಂದೇ ಹೆಸರುಗಳಿಂದ ಬರ್ತವೆ. ತಡೆದರೆ ಎರಡೂ ನಿಲ್ಲುತ್ತೆ. ಡಿಎನ್‌ಎಸ್‌ನಿಂದ ಅದು ಆಗಲ್ಲ.

ವಿಷಯಕ್ಕೆ ಬಂದ್ರೆ, ಈ ಎಸ್‌ಎನ್‌ಐ ಮುಚ್ಚೋಕೆ ಇಸಿಎಚ್ ಅಂತ ಬಂದಿದೆಯಲ್ಲ, ಪಾಳಿ ಅವರು ಅದನ್ನ ಬಿಟ್ಟುಬಿಟ್ರು. ಆ ಮೊದಲ ಮಾತಲ್ಲಿ ಇರೋ ಹೆಸರಿಗೂ ಬೀಗ ಹಾಕುತ್ತೆ. ಬೀಗದ ಕೀಲಿ ಮೊದಲೇ ಡಿಎನ್‌ಎಸ್ ಉತ್ತರದ ಜೊತೆಗೇ ಬಂದಿರುತ್ತೆ. ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ 2023ರಿಂದ ಇದೆ.

ಪ್ಯಾಕೆಟ್ ಪಾಳಿ

ಬಿಟ್ಟಿರಲಿಲ್ಲ, ಅಲ್ಲಿಗೇ ಬರುತ್ತಿದ್ದೆ. ಬ್ರೌಸರಿನಲ್ಲಿ ಇದ್ದರೆ ಸಾಲದು, ಸೈಟಿನ ಕಡೆಯೂ ಇರಬೇಕು. ವೈಶಾಲಿಯವರೇ, ನಿಮ್ಮ ಫೋನಿನ ಬ್ರೌಸರಿನಲ್ಲಿ `https://crypto.cloudflare.com/cdn-cgi/trace` ತೆರೆಯಿರಿ. ಬರೀ ಅಕ್ಷರಗಳ ಪುಟ ಬರುತ್ತದೆ, ಅದರಲ್ಲಿ `sni=` ಎಂಬ ಸಾಲು ಹುಡುಕಿ.

ವೈಶಾಲಿ

`sni=plaintext` ಅಂತಿದೆ.

ಬ್ರೌಸರಿನ ಸೆಟ್ಟಿಂಗ್ಸಲ್ಲಿ ಸುರಕ್ಷಿತ ಡಿಎನ್‌ಎಸ್ ಅನ್ನೋದನ್ನ ಆನ್ ಮಾಡಿ, ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆದೆ. ಈಗ `sni=encrypted` ಅಂತ ಬಂತು!

ಪ್ಯಾಕೆಟ್ ಪಾಳಿ

ಆ ಪುಟದ ಮಟ್ಟಿಗೆ ಈಗ ನಿಮ್ಮ ರೂಟರಿನವರಿಗೆ ಕಾಣುವುದು `cloudflare-ech.com` ಎಂಬ ಒಂದೇ ಹೆಸರು. ಕ್ಲೌಡ್‌ಫ್ಲೇರ್ ಹಿಂದೆ ಕೂತಿರುವ ಎಷ್ಟೋ ಸೈಟುಗಳಿಗೆ ಅದೇ ಹೆಸರು ಕಾಣುತ್ತದೆ. ಇಸಿಎಚ್ ಇಲ್ಲದ ಸೈಟುಗಳಿಗೆ ಹೋದರೆ ಮತ್ತೆ ಹಳೇ ಕಥೆಯೇ. ಬ್ರೌಸರ್ ಬಿಟ್ಟು ಬೇರೆ ಆ್ಯಪ್‌ಗಳಲ್ಲಿ ಇದನ್ನು ಸದ್ಯಕ್ಕೆ ನಂಬಿಕೊಳ್ಳಬೇಡಿ.

ಜೊತೆಗೆ ಐಪಿ ವಿಳಾಸ ಹೇಗೂ ಹೊರಗೇ ಇರುತ್ತದೆ. ಸಾವಿರ ಸೈಟುಗಳು ಹಂಚಿಕೊಂಡ ವಿಳಾಸವಾದರೆ ಅದರಿಂದ ಏನೂ ತಿಳಿಯುವುದಿಲ್ಲ. ವಿಕಿಪೀಡಿಯದಂತೆ ತಮ್ಮದೇ ವಿಳಾಸ ಇಟ್ಟುಕೊಂಡವರಿಗೆ ಹೆಸರು ಮುಚ್ಚಿಯೂ ಹೆಚ್ಚು ಫಲವಿಲ್ಲ.

ಪ್ರವೀಣ್

ಸರಿ ಒಪ್ಪಿದೆ. ಅದಕ್ಕೇ ಹೇಳೋದು, ಈ ತಲೆನೋವೆಲ್ಲ ಬೇಡ, ವಿಪಿಎನ್ ಹಾಕಿ ಆರಾಮಾಗಿರಿ. ಆದ್ರೆ ಲೀಕ್ ಆಗೋ ವಿಪಿಎನ್ ಅಲ್ಲ. ವೈಶಾಲಿಯವರದು ಲೀಕ್ ಆಗ್ತಿದೆ ಅಂತ ಟೆಸ್ಟ್ ಪುಟವೇ ಹೇಳಿದೆ, ಅದಕ್ಕೇನಂತೀರಾ?

ಪ್ಯಾಕೆಟ್ ಪಾಳಿ

ಟೆಸ್ಟ್ ಪುಟಕ್ಕೆ ಅಷ್ಟೆಲ್ಲ ಗೊತ್ತಿರುವುದಿಲ್ಲ. ಅದು ಮಾಡುವುದಿಷ್ಟು: ತನ್ನ ಡೊಮೈನಿನ ಕೆಳಗೆ, ಹಿಂದೆ ಯಾರೂ ಕೇಳಿರದ ಒಂದಿಷ್ಟು ಹೆಸರು ಹುಟ್ಟಿಸಿ ನಿಮ್ಮ ಬ್ರೌಸರಿಗೆ ಕೊಡುತ್ತದೆ. ಬ್ರೌಸರ್ ಆ ಹೆಸರಿನ ವಿಳಾಸ ಹುಡುಕುತ್ತದೆ. ಆ ಪ್ರಶ್ನೆ ಕೊನೆಗೆ ಟೆಸ್ಟ್ ನಡೆಸುವವರದೇ ಡಿಎನ್‌ಎಸ್ ಸರ್ವರಿಗೆ ಬಂದು ಮುಟ್ಟುತ್ತದೆ. ಕೇಳಲು ಬಂದವರು ಯಾರು ಎಂದು ಅವರು ಬರೆದುಕೊಳ್ಳುತ್ತಾರೆ. ಬಂದದ್ದು ಕ್ವಾಡ್9, ಆದ್ದರಿಂದ ಪುಟದಲ್ಲಿ ಕ್ವಾಡ್9. ನಿಮ್ಮ ಫೋನಿನಿಂದ ಕ್ವಾಡ್9ವರೆಗೆ ಪ್ರಶ್ನೆ ಯಾವ ದಾರಿಯಲ್ಲಿ ಹೋಯಿತು, ವಿಪಿಎನ್ ಸುರಂಗದ ಒಳಗೋ ಹೊರಗೋ, ಅದು ಆ ಪುಟಕ್ಕೆ ಕಾಣುವ ಜಾಗವೇ ಅಲ್ಲ. ವಿಪಿಎನ್ ಕಂಪನಿಯ ಹೆಸರು ಬರಲಿಲ್ಲ ಎಂದು ಕೆಂಪಕ್ಷರ ಹಾಕಿತು, ಅಷ್ಟೇ.

ದಾರಿ ನೋಡಬೇಕಾದರೆ ಮತ್ತೆ ಲ್ಯಾಪ್‌ಟಾಪಿಗೇ ಬರಬೇಕು. ನನ್ನದು ವೈರ್‌ಗಾರ್ಡ್ ವಿಪಿಎನ್, ಅದರ ಸರ್ವರ್ ಕೂತಿರುವುದು 51820ನೇ ಪೋರ್ಟಿನಲ್ಲಿ. ಅದನ್ನು ಬಿಟ್ಟು ಬೇರೇನು ಹೋಗುತ್ತಿದೆ ಎಂದು ನೋಡಿದೆ:

```
sudo tcpdump -n -i wlan0 'not arp and not port 51820'
```

ಪ್ರೈವೇಟ್ ಡಿಎನ್‌ಎಸ್ ಕೂಡ ಆನ್ ಇಟ್ಟು ಹತ್ತಾರು ಪುಟ ತೆರೆದೆ. 853ನೇ ಪೋರ್ಟಿಗೆ ಹೋಗುವ ಒಂದು ಪ್ಯಾಕೆಟ್ಟೂ ಹೊರಗೆ ಕಾಣಲಿಲ್ಲ. ಅಂದರೆ ಕ್ವಾಡ್9ಗೆ ಹೋದ ಪ್ರಶ್ನೆ ಸುರಂಗದ ಒಳಗಿಂದಲೇ ಹೋಗಿದೆ. ನೀವು ಹೆಸರು ಟೈಪ್ ಮಾಡಿ ಇಟ್ಟ ಪ್ರೈವೇಟ್ ಡಿಎನ್‌ಎಸ್ಸು ವಿಪಿಎನ್ ಕೊಟ್ಟ ಡಿಎನ್‌ಎಸ್ ಅನ್ನು ಬದಿಗೆ ತಳ್ಳಿ ತಾನು ಕೂರುತ್ತದೆ. ಆಂಡ್ರಾಯ್ಡಿನ ನಡವಳಿಕೆಯೇ ಹಾಗೆ. ಆದ್ದರಿಂದ ಹಾಸ್ಟೆಲಿನವರಿಗೆ ಇದರಿಂದ ಏನೂ ಕಾಣುವುದಿಲ್ಲ. ಕ್ವಾಡ್9ಗೆ ಪ್ರಶ್ನೆ ಬರುವುದು ವಿಪಿಎನ್ ಸರ್ವರಿನ ಐಪಿಯಿಂದ, ನಿಮ್ಮ ಹಾಸ್ಟೆಲಿನ ಐಪಿಯಿಂದಲ್ಲ.

ವೈಶಾಲಿ

ಅಬ್ಬಾ. ಹಾಗಾದ್ರೆ ಎರಡೂ ಇದ್ದರೆ ಒಳ್ಳೇದೇನಾ?

ಚಿನ್ಮಯ

ನನ್ನ ಕೇಳಿದ್ರೆ ಬೇಡ. ವಿಪಿಎನ್ ಒಂದೇ ಇದ್ದರೆ ನಿಮ್ಮ ಸೈಟುಗಳ ಹೆಸರು ತಿಳಿಯೋದು ಆ ಕಂಪನಿ ಒಬ್ಬರಿಗೆ. ಎರಡೂ ಹಾಕಿದ್ರೆ ಕ್ವಾಡ್9ಗೂ ಗೊತ್ತಾಗುತ್ತೆ. ಸುಮ್ನೆ ಇನ್ನೊಬ್ಬರನ್ನ ಯಾಕೆ ಸೇರಿಸ್ಕೋಬೇಕು? ಅದೂ ಅಲ್ಲದೆ ಎಷ್ಟೋ ವಿಪಿಎನ್‌ಗಳು ತಮ್ಮ ಡಿಎನ್‌ಎಸ್ ಮೂಲಕ ಜಾಹೀರಾತು ತಡೀತವೆ. ಪ್ರೈವೇಟ್ ಡಿಎನ್‌ಎಸ್ ಇದ್ದರೆ ಅದು ಕೆಲಸ ಮಾಡಲ್ಲ, ಜನ ಕಂಪನಿಗೆ ಬೈತಾರೆ.

ಪ್ಯಾಕೆಟ್ ಪಾಳಿ

ನಾನು ಇಟ್ಟುಕೊಂಡಿದ್ದೇನೆ. ವಿಪಿಎನ್ ಯಾವಾಗಲೋ ಕಡಿದುಹೋಗುತ್ತದೆ, ಆಗ ಬಿಚ್ಚು ಡಿಎನ್‌ಎಸ್‌ಗೆ ಬೀಳುವ ಬದಲು ಇದಾದರೂ ಇರಲಿ ಎಂದು. ಇಬ್ಬರದೂ ವಾದ ನಡೆಯುತ್ತದೆ.

ಬಸವರಾಜ

ನಂದೊಂದು ಕೇಳ್ರಿ. ನಾ ಲ್ಯಾಪ್‌ಟಾಪಿಗೆ ಫೋನಿನ ಹಾಟ್‌ಸ್ಪಾಟೇ ಕೊಡ್ತೀನಿ. ಫೋನಿನಾಗ ವಿಪಿಎನ್ ಆನ್ ಐತಿ, ಕೀಲಿ ಗುರುತೂ ಮ್ಯಾಲೆ ಕಾಣ್ತೈತಿ. ಆದ್ರ ಲ್ಯಾಪ್‌ಟಾಪಿನಾಗ ಐಪಿ ನೋಡಿದ್ರ ನಮ್ಮ ಮೊಬೈಲ್ ಕಂಪನಿದೇ ಬರ್ತೈತಿ. ಫೋನಿನಾಗ ನೋಡಿದ್ರ ವಿಪಿಎನ್‌ದು ಬರ್ತೈತಿ. ಹಿಂಗ್ಯಾಕ?

ಪ್ಯಾಕೆಟ್ ಪಾಳಿ

ಬಸವರಾಜ್ ಅವರೇ, ಆಂಡ್ರಾಯ್ಡಿನಲ್ಲಿ ವಿಪಿಎನ್ ಅನ್ವಯವಾಗುವುದು ಫೋನಿನೊಳಗಿನ ಆ್ಯಪ್‌ಗಳಿಗೆ. ಹಾಟ್‌ಸ್ಪಾಟಿಗೆ ಜೋಡಿಸಿದ ಯಂತ್ರದ ಡೇಟಾ ಸುರಂಗದ ಪಕ್ಕದಿಂದ ನೇರ ಮೊಬೈಲ್ ನೆಟ್‌ವರ್ಕಿಗೆ ಹೋಗುತ್ತದೆ. ಲ್ಯಾಪ್‌ಟಾಪಿಗೂ ಬೇಕೆಂದರೆ ಅದರಲ್ಲೇ ಬೇರೆಯಾಗಿ ವಿಪಿಎನ್ ಹಾಕಬೇಕು.

ಬಸವರಾಜ

ಅಯ್ಯ, ಇಷ್ಟ ದಿನ ಸುರಕ್ಷಿತ ಅದೀನಿ ಅಂತ ತಿಳಕೊಂಡು ಆಫೀಸಿನ ಕೆಲಸ ಎಲ್ಲಾ ಅದರಾಗ ಮಾಡೀನಿ.

ರಾತ್ರಿ ಪಾಳಿ ನರ್ಸ್

ನನ್ನ ಪ್ರಶ್ನೆ ಸ್ವಲ್ಪ ಬೇರೆ. ವಿಪಿಎನ್‌ನಲ್ಲಿ ಬೇರೆ ದೇಶದ ಸರ್ವರ್ ಆರಿಸಿದೀನಿ. ಐಪಿ ತೋರಿಸೋ ಸೈಟಿನಲ್ಲಿ ಆ ದೇಶವೇ ಬರುತ್ತೆ. ಆದರೆ ಮ್ಯಾಪ್ ತೆರೆದರೆ ನಾನಿರೋ ಬೀದಿಯನ್ನೇ ತೋರಿಸುತ್ತೆ, ಶಾಪಿಂಗ್ ಆ್ಯಪಲ್ಲಿ ನಿನ್ನೆ ನೋಡಿದ ಚಪ್ಪಲಿಯ ಜಾಹೀರಾತೇ ಬರುತ್ತೆ. ವಿಪಿಎನ್ ಮೋಸಾನಾ?

ಚಿನ್ಮಯ

ಮೋಸ ಅಲ್ಲ ಮೇಡಂ, ವಿಪಿಎನ್ ಬದಲಾಯಿಸೋದು ಐಪಿಯನ್ನ ಮಾತ್ರ. ಮ್ಯಾಪ್‌ಗೆ ಐಪಿ ಬೇಕಾಗೇ ಇಲ್ಲ, ಜಿಪಿಎಸ್ ಇದೆ, ಸುತ್ತಮುತ್ತ ಯಾವ್ಯಾವ ವೈಫೈ ಕಾಣ್ತಿದೆ, ಯಾವ ಟವರ್ ಹತ್ತಿರ ಇದೆ ಅನ್ನೋದೂ ಸಿಗುತ್ತೆ. ಆ್ಯಪಿಗೆ ಲೊಕೇಶನ್ ಅನುಮತಿ ನೀವೇ ಕೊಟ್ಟಿದ್ದೀರಲ್ಲ. ಚಪ್ಪಲಿ ವಿಷಯ ಇನ್ನೂ ಸುಲಭ: ನೀವು ಲಾಗಿನ್ ಆಗೇ ಇದ್ದೀರಿ. ಯಾವ ದೇಶದ ಐಪಿಯಿಂದ ಬಂದ್ರೂ ಖಾತೆ ನಿಮ್ಮದೇ. ಲಾಗಿನ್ ಆಗದಿದ್ರೂ ಕುಕೀ ಇದೆ, ಫೋನಿನ ಜಾಹೀರಾತು ಐಡಿ ಇದೆ, ಅವು ವಿಪಿಎನ್ ಆನ್ ಮಾಡಿದ ತಕ್ಷಣ ಬದಲಾಗಲ್ಲ. ಜಾಹೀರಾತು ಐಡಿಯನ್ನ ಸೆಟ್ಟಿಂಗ್ಸಲ್ಲಿ ಅಳಿಸಬಹುದು, ಅದಕ್ಕೂ ವಿಪಿಎನ್ನಿಗೂ ಸಂಬಂಧ ಇಲ್ಲ.

ಇನ್ನೊಂದು. ವಿಪಿಎನ್ ಆನ್ ಇದೆ ಅಂತ ಆ್ಯಪ್‌ಗಳಿಗೆ ಗೊತ್ತಾಗುತ್ತೆ, ಆಂಡ್ರಾಯ್ಡೇ ಹೇಳುತ್ತೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಅದಕ್ಕೇ ತೆರೆಯಲ್ಲ.

ಪ್ರವೀಣ್

ಬ್ಯಾಂಕ್ ಆ್ಯಪನ್ನ ವಿಪಿಎನ್‌ನಿಂದ ಹೊರಗಿಡೋ ಆಯ್ಕೆ ಇದೆ, ನಾನು ಹಾಗೇ ಮಾಡಿಕೊಂಡಿದ್ದೀನಿ. ತೊಂದ್ರೆ ಇಲ್ಲ.

ಪ್ಯಾಕೆಟ್ ಪಾಳಿ

ಹೊರಗಿಟ್ಟ ಆ್ಯಪ್ ಪೂರ್ತಿ ಹೊರಗೇ ಓಡುತ್ತದೆ, ಅದರ ಹೆಸರು ಮತ್ತೆ ರೂಟರಿಗೆ ಕಾಣುತ್ತದೆ. ಬ್ಯಾಂಕಿನ ವಿಷಯದಲ್ಲಿ ಅದು ಪರವಾಗಿಲ್ಲ. ಹಾಗೆ ಹೊರಗಿಟ್ಟಾಗ ಪ್ರೈವೇಟ್ ಡಿಎನ್‌ಎಸ್ ಕೆಲಸಕ್ಕೆ ಬರುತ್ತದೆ ಎಂಬುದು ಚಿನ್ಮಯ ಅವರ ವಾದಕ್ಕೆ ನನ್ನ ಇನ್ನೊಂದು ಉತ್ತರ.

ಅನಾಮಿಕ

ನನಗೆ ಕಂಪನಿ ಕೊಟ್ಟ ಫೋನ್ ಇದೆ. ಅದರಲ್ಲಿ ನಾನೇ ದುಡ್ಡು ಕೊಟ್ಟ ವಿಪಿಎನ್ ಹಾಕಿದರೆ ಕಂಪನಿಗೆ ಕಾಣಲ್ಲ ತಾನೇ?

ಪ್ಯಾಕೆಟ್ ಪಾಳಿ

ಇದುವರೆಗೆ ಮಾತಾಡಿದ್ದೆಲ್ಲ ದಾರಿಯಲ್ಲಿ ಕೂತು ನೋಡುವವರ ಬಗ್ಗೆ. ನಿಮ್ಮದು ಫೋನಿನ ಒಳಗೇ ಕೂತವರ ಬಗ್ಗೆ. ಕಂಪನಿಯ ನಿರ್ವಹಣಾ ಸಾಫ್ಟ್‌ವೇರ್ ಇರುವ ಫೋನಿನಲ್ಲಿ ಯಾವ ಆ್ಯಪ್‌ಗಳಿವೆ ಎಂದು ಅವರಿಗೆ ಕಾಣಬಹುದು, ತಮ್ಮದೇ ವಿಪಿಎನ್ ಕಡ್ಡಾಯ ಮಾಡಬಹುದು. ತಮ್ಮ ರೂಟ್ ಸರ್ಟಿಫಿಕೇಟ್ ಕೂರಿಸಿ ನಿಮ್ಮ ಟ್ರಾಫಿಕ್ಕನ್ನು ತಮ್ಮ ಯಂತ್ರದ ಮೂಲಕ ಹಾಯಿಸಿದರೆ ಬ್ರೌಸರಿನ ಎಚ್‌ಟಿಟಿಪಿಎಸ್ ಕೂಡ ಅವರಿಗೆ ತೆರೆದ ಪುಸ್ತಕ. ಸೆಟ್ಟಿಂಗ್ಸಿನಲ್ಲಿ `Trusted credentials` ಹುಡುಕಿ `User` ಎಂಬ ಪಟ್ಟಿ ನೋಡಿ, ಅಲ್ಲಿ ಏನಾದರೂ ಇದ್ದರೆ ಯಾರೋ ಹಾಕಿದ್ದಾರೆ ಎಂದರ್ಥ. ಖಾಲಿ ಇದ್ದರೂ ಕಂಪನಿಯ ಫೋನಿನಲ್ಲಿ ಖಾಸಗಿ ಕೆಲಸ ಮಾಡಬೇಡಿ.

ವೈಶಾಲಿ

ಸರ್, ವಿಪಿಎನ್ ಆನ್ ಇದ್ದಾಗ ಹಾಸ್ಟೆಲಿನವರಿಗೆ ಕೊನೆಗೆ ಏನು ಕಾಣುತ್ತೆ ಅಂತ ಒಂದ್ಸಲ ಹೇಳಿಬಿಡಿ.

ಪ್ಯಾಕೆಟ್ ಪಾಳಿ

ಒಂದೇ ಐಪಿಗೆ ಹೋಗಿಬರುವ ಗೀಚುಗೀಚು ಡೇಟಾ. ನೀವು ವಿಪಿಎನ್ ಹಾಕಿದ್ದೀರಿ ಎಂಬುದೂ ಗೊತ್ತಾಗುತ್ತದೆ. ವೈರ್‌ಗಾರ್ಡ್ ಸಂಪರ್ಕ ಶುರು ಮಾಡುವ ಮೊದಲ ಸಂದೇಶ ಯಾವಾಗಲೂ 148 ಬೈಟ್, ಅದಕ್ಕೆ ಬರುವ ಉತ್ತರ 92 ಬೈಟ್, ಗೊತ್ತಿರುವವರು ನೋಡಿದ ತಕ್ಷಣ ಗುರುತಿಸುತ್ತಾರೆ. ರಾತ್ರಿ ಎಷ್ಟು ಹೊತ್ತಿನವರೆಗೆ ಫೋನ್ ನೋಡುತ್ತಿದ್ದಿರಿ, ವಿಡಿಯೋ ನೋಡುವಷ್ಟು ಡೇಟಾ ಬಂತೋ ಬರೀ ಸಂದೇಶದಷ್ಟೋ, ಅದೂ ಅಂದಾಜಿಗೆ ಸಿಗುತ್ತದೆ. ಯಾವ ಸೈಟು ಎಂಬುದು ಸಿಗುವುದಿಲ್ಲ.

ಪೂರ್ತಿ ಬಿಗಿ ಮಾಡಬೇಕೆಂದರೆ ಆಂಡ್ರಾಯ್ಡಿನ ವಿಪಿಎನ್ ಸೆಟ್ಟಿಂಗಿನಲ್ಲಿ `Always-on VPN` ಮತ್ತು `Block connections without VPN` ಎರಡನ್ನೂ ಆನ್ ಮಾಡಿ. ವಿಪಿಎನ್ ಕಡಿದಾಗ ಡೇಟಾ ಹೊರಗೆ ಹೋಗುವ ಬದಲು ನಿಂತುಬಿಡುತ್ತದೆ. ಆಗಲೂ ಒಂದು ಸಣ್ಣ ಬಿರುಕು ಉಳಿಯುತ್ತದೆ. ಇಂಟರ್ನೆಟ್ ಇದೆಯೇ ಎಂದು ಫೋನು ಗೂಗಲ್‌ನ `connectivitycheck.gstatic.com` ಅನ್ನು ಆಗಾಗ ತಟ್ಟಿ ನೋಡುತ್ತದೆ, ಅದು ಸುರಂಗದ ಹೊರಗೇ ಹೋಗುತ್ತದೆ. ಮಲ್‌ವಾಡ್ ಎಂಬ ವಿಪಿಎನ್ ಕಂಪನಿ 2022ರ ಅಕ್ಟೋಬರಿನಲ್ಲಿ ಇದನ್ನು ಎತ್ತಿ ತೋರಿಸಿದಾಗ ಗೂಗಲ್, ಬೇಕೆಂದೇ ಹಾಗೆ ಮಾಡಿದ್ದು ಎಂದಿತು. ನನ್ನ tcpdumpನಲ್ಲೂ ಉಳಿದದ್ದು ಹೆಚ್ಚಾಗಿ ಅದೇ. ನೀವು ನೋಡುವ ಸೈಟುಗಳು ಅದರಿಂದ ತಿಳಿಯುವುದಿಲ್ಲ.

ಚಿನ್ಮಯ

ನಂದು ಐಫೋನ್. ಅದರಲ್ಲಿ ಪ್ರೈವೇಟ್ ಡಿಎನ್‌ಎಸ್ ಹೆಸರು ಟೈಪ್ ಮಾಡೋ ಜಾಗವೇ ಇಲ್ಲ. 2020ರಲ್ಲಿ ಬಂದ ಐಒಎಸ್ 14ರಿಂದ ಪ್ರೊಫೈಲ್ ಇಲ್ಲಾ ಆ್ಯಪ್ ಮೂಲಕ ಹಾಕ್ಕೋಬೇಕು. ವಿಪಿಎನ್ ಆನ್ ಮಾಡಿದಾಗ ಮೊದಲೇ ತೆರೆದಿದ್ದ ಸಂಪರ್ಕಗಳು ಕಡಿಯದೆ ಹೊರಗೇ ಮುಂದುವರೀತವೆ ಅಂತ ಅದೇ ವರ್ಷ ಪ್ರೋಟಾನ್ ಕಂಪನಿ ಹೇಳಿತ್ತು. ನಾನಂತೂ ಏರ್‌ಪ್ಲೇನ್ ಮೋಡ್ ಹಾಕಿ ತೆಗೆದು ಆಮೇಲೆ ನೋಡ್ತೀನಿ. ಅದರಿಂದ ಪೂರ್ತಿ ಸರಿಹೋಗುತ್ತೆ ಅಂತ ಗ್ಯಾರಂಟಿ ಇಲ್ಲ.

ರಾತ್ರಿ ಪಾಳಿ ನರ್ಸ್

ಉಚಿತ ವಿಪಿಎನ್ ಪರವಾಗಿಲ್ವಾ?

ಪ್ರವೀಣ್

ಬೇಡ. ಹಾಸ್ಟೆಲಿನವರಿಗೆ ಕಾಣ್ತಿದ್ದದ್ದೆಲ್ಲ ಈಗ ವಿಪಿಎನ್ ಕಂಪನಿಗೆ ಕಾಣುತ್ತೆ. ಎಸ್‌ಎನ್‌ಐ ಸುರಂಗದ ಆ ತುದಿಯಲ್ಲಿ ಮತ್ತೆ ಬಿಚ್ಚಾಗೇ ಹೊರಗೆ ಬರುತ್ತಲ್ಲ. ಸರ್ವರ್ ಖರ್ಚು ಎಲ್ಲಿಂದ ಬರುತ್ತೆ ಅಂತ ಯೋಚಿಸಿ.

ಪ್ಯಾಕೆಟ್ ಪಾಳಿ

ಇದನ್ನು ಪ್ರವೀಣ್ ನನಗಿಂತ ಚೆನ್ನಾಗಿ ಹೇಳಿದರು. ದುಡ್ಡು ಕೊಟ್ಟ ವಿಪಿಎನ್ ಆದರೂ ದಾಖಲೆ ಇಡುವುದಿಲ್ಲ ಎಂಬ ಮಾತನ್ನು ನಾವು ಹೊರಗೆ ನಿಂತು tcpdumpನಲ್ಲಿ ಪರೀಕ್ಷಿಸಲಾಗುವುದಿಲ್ಲ.

ವೈಶಾಲಿ

ಒಂದು ಹೊಸ ತೊಂದರೆ. ಈಗಷ್ಟೇ ಹಾಸ್ಟೆಲಿನ ವೈಫೈ ಮತ್ತೆ ಲಾಗಿನ್ ಕೇಳ್ತಿದೆ, ಆದರೆ ಲಾಗಿನ್ ಪುಟ ಬರ್ತಿಲ್ಲ. ಸೆಟ್ಟಿಂಗ್ಸಲ್ಲಿ `Private DNS server cannot be accessed` ಅಂತಿದೆ. ಇದನ್ನ ಬರೀತಿರೋದು ಮೊಬೈಲ್ ಡೇಟಾದಲ್ಲಿ.

ಪ್ಯಾಕೆಟ್ ಪಾಳಿ

ಲಾಗಿನ್ ಆಗುವ ತನಕ ರೂಟರ್ 853ನೇ ಪೋರ್ಟನ್ನು ಬಿಡುತ್ತಿಲ್ಲ. ಹೆಸರು ಟೈಪ್ ಮಾಡಿ ಇಟ್ಟಿರುವ ಕಾರಣ ಫೋನು ಬಿಚ್ಚು ಡಿಎನ್‌ಎಸ್‌ಗೆ ಇಳಿಯಲು ಒಪ್ಪುತ್ತಿಲ್ಲ. `Automatic`ಗೆ ತಿರುಗಿಸಿ, ವಿಪಿಎನ್ ತಡೆ ಆನ್ ಇದ್ದರೆ ಅದನ್ನೂ ತೆಗೆದು ಲಾಗಿನ್ ಆಗಿ, ಮತ್ತೆ ಹಾಕಿ. ಲಾಗಿನ್ ಆದ ಮೇಲೂ ಇದೇ ಸಂದೇಶ ಬಂದರೆ ಅವರು ಆ ಪೋರ್ಟನ್ನು ಪೂರ್ತಿ ಮುಚ್ಚಿದ್ದಾರೆ. ಆಗ ಬ್ರೌಸರಿನೊಳಗಿನ ಸುರಕ್ಷಿತ ಡಿಎನ್‌ಎಸ್ ಬಳಸಿ, ಅದು ಮಾಮೂಲಿ ವೆಬ್ ಪುಟಗಳ 443ನೇ ಪೋರ್ಟಿನಲ್ಲೇ ಹೋಗುತ್ತದೆ.

ವೈಶಾಲಿ

ಲಾಗಿನ್ ಆಯ್ತು. ಮತ್ತೆ `dns.quad9.net` ಹಾಕಿದೆ, ಈಗ ಸಂದೇಶ ಇಲ್ಲ. ವಿಪಿಎನ್ ಜೊತೆಗೆ ಇದನ್ನ ಇಟ್ಕೊಳ್ಳೋದಾ ಬೇಡ್ವಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ, ಸದ್ಯಕ್ಕೆ ಇರಲಿ.

ಚಿನ್ಮಯ

ಇರಲಿ ಬಿಡಿ, ನಾನು ನನ್ನ ಮಾತು ಹಿಂತೆಗೆದುಕೊಂಡಿಲ್ಲ.

ಸರೋಜಾ ಟೀಚರ್

ನನ್ನದರಲ್ಲಿ `sni=plaintext` ಎಂದೇ ಬರುತ್ತಿದೆ. ಅದನ್ನು ಬದಲಾಯಿಸಿದರೆ ಜಾಹೀರಾತು ತಡೆಯುವುದು ನಿಂತುಹೋಗುತ್ತದೆಯೇ?

ಪ್ಯಾಕೆಟ್ ಪಾಳಿ

ಹೋಗಬಹುದು ಟೀಚರ್. ಬ್ರೌಸರಿನಲ್ಲಿ ಸುರಕ್ಷಿತ ಡಿಎನ್‌ಎಸ್ ಎಂದು ಬೇರೆ ಕಂಪನಿ ಆರಿಸಿದರೆ ಆ ಬ್ರೌಸರ್ ನಿಮ್ಮ ಆ್ಯಡ್‌ಗಾರ್ಡನ್ನು ಕೇಳುವುದೇ ಇಲ್ಲ. ಅಲ್ಲಿ ಕಂಪನಿ ಆರಿಸುವ ಬದಲು `https://dns.adguard-dns.com/dns-query` ಎಂದು ನೀವೇ ಬರೆಯಿರಿ, ಎರಡೂ ಉಳಿಯುತ್ತವೆ.